ಹದಿನೈದು ಅಡಿ ಮನೆಯ ಹೊರಮೆಟ್ಟಿಲು

ಹೊನ್ನಾಳಿ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಒಂದು ಸಿಮೆಂಟ್ ಅಂಗಡಿ, ಅದರ ಮೇಲೊಂದು ಕೋಣೆ. ಅಲ್ಲಿ ಕೂತು ಮಸರತ್ ಇನ್ನೂ ಕಟ್ಟದ ಮನೆಗಳ ಫೋಟೊ ತೆಗೆಯುತ್ತಾಳೆ. ಹೀಗೆಂದರೆ ಜನ ನಗುತ್ತಾರೆ. ಆದರೆ ಅವಳ ಕೆಲಸವನ್ನು ಇದಕ್ಕಿಂತ ನೆಟ್ಟಗೆ ಹೇಳಲು ಬೇರೆ ಮಾತಿಲ್ಲ. ಖಾಲಿ ಸೈಟು, ಅದರಲ್ಲಿ ಮುಳ್ಳುಗಿಡ, ಮೂಲೆಯಲ್ಲೊಂದು ಮಲಗಿದ ನಾಯಿ. ಆ ಸೈಟಿನ ಮೇಲೆ ಇವಳು ಕಂಪ್ಯೂಟರಿನಲ್ಲಿ ಗೋಡೆ ಎಬ್ಬಿಸಿ, ಬಣ್ಣ ಬಳಿದು, ಬೆಳಗಿನ ಬಿಸಿಲು ಬೀಳಿಸಿ, ಮುಂದೊಂದು ಕಾರು ನಿಲ್ಲಿಸಿಬಿಡುತ್ತಾಳೆ. ಕಾರು ಕೊಳ್ಳುವ ಯೋಗ ಮನೆಯವರಿಗೆ ಇದೆಯೋ ಇಲ್ಲವೋ, ಚಿತ್ರದಲ್ಲಂತೂ ಬಿಳಿ ಕಾರು ಬೇಕೇ ಬೇಕು. ಆ ಚಿತ್ರ ಫ್ಲೆಕ್ಸ್ ಆಗಿ ಗುದ್ದಲಿ ಪೂಜೆಯ ದಿನ ಸೈಟಿನಲ್ಲಿ ನಿಂತರೆ, ಮನೆ ಅರ್ಧ ಕಟ್ಟಿದಷ್ಟೇ ಸಮಾಧಾನ ಜನಕ್ಕೆ.

ಊರಿನ ಬಾಯಲ್ಲಿ ಅವಳು ‘ತ್ರೀಡಿ ಮೇಡಂ’. ಕೋಣೆಯ ಮಾಲೀಕ ಇಂಜಿನಿಯರ್ ಮಹಾಂತೇಶ್. ಮಾತು ಒರಟು, ಮನಸ್ಸು ಮೆತ್ತಗೆ. ಅವರ ಪಕ್ಕದ ಟೇಬಲ್ಲಿನಲ್ಲಿ ನಕ್ಷೆ ಎಳೆಯುವ ಹುಡುಗಿ ಮೇಘಶ್ರೀ, ನ್ಯಾಮತಿಯಿಂದ ದಿನಾ ಬಸ್ಸಿಗೆ ಬರುತ್ತಾಳೆ. ನೆಲದ ಮೇಲಿನ ಗೆರೆ ಮೇಘಶ್ರೀಯದು, ಎದ್ದು ನಿಂತ ಗೋಡೆ ಮಸರತ್‌ಳದು. ‘ಅಕ್ಕಾ, ನಾನು ಮಲಗಿಸಿದ್ದನ್ನ ನೀವು ಎಬ್ಬಿಸ್ತೀರಿ’ ಎಂದು ಅವಳು ತಮಾಷೆ ಮಾಡುವುದುಂಟು.

ಮಸರತ್ ಈ ಕೆಲಸ ಕಲಿತದ್ದು ಜಗಳೂರಿನ ಗಂಡನ ಮನೆ ಬಿಟ್ಟು ಹೊನ್ನಾಳಿಯ ಅಣ್ಣ ನವಾಜನ ಮನೆಗೆ ಬಂದ ಮೇಲೆ. ಜಗಳ ಯಾವುದರಿಂದ ಶುರುವಾಯಿತು ಎಂದು ಈಗ ಕೇಳಿದರೆ ಅವಳಿಗೇ ನಗು ಬರಬೇಕು. ನೀರಿನ ಟ್ಯಾಂಕರ್ ಬಂದ ದಿನ ಮೊದಲ ಕೊಡ ಯಾರು ಹಿಡಿಯಬೇಕಿತ್ತು ಎಂಬಲ್ಲಿಂದ ಅತ್ತೆ-ಸೊಸೆಯ ಮಾತು ಎದ್ದಿತು. ಅಲ್ಲಿಂದ ಅದು ಅಡುಗೆಮನೆಗೆ ಬಂತು, ತವರಿಗೆ ಹೋಯಿತು, ಸತ್ತವರನ್ನೂ ಎಳೆದು ತಂದಿತು. ಗಂಡ ಆಕಿಬ್ ತಾಯಿಯ ಪಕ್ಕದಲ್ಲಿ ನಿಂತು ಸುಮ್ಮನಿದ್ದ. ಅವನ ಆ ಸುಮ್ಮನಿರುವಿಕೆಯೇ ಅವಳನ್ನು ಸುಟ್ಟದ್ದು. ಬೀದಿಯವರೆಲ್ಲ ನೋಡುತ್ತಿರುವಾಗ, ಕೈಯಲ್ಲಿ ಬಟ್ಟೆಯ ಚೀಲ ಹಿಡಿದು, ‘ಖುದಾ ಕಸಮ್, ಇನ್ನು ನಿಮ್ಮ ಮನೆ ಹೊಸ್ತಿಲು ತುಳಿಯಲ್ಲ’ ಎಂದುಬಿಟ್ಟಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಮಗಳು ರುಕ್ಸಾನಾಗೆ ಆಗ ಪರೀಕ್ಷೆ. ಪರೀಕ್ಷೆ ಮುಗಿಯಲಿ ಎಂದು ಅಲ್ಲೇ ಬಿಟ್ಟು ಬಂದಳು. ಪರೀಕ್ಷೆ ಮುಗಿಯಿತು, ರಜೆ ಬಂತು, ಸ್ಕೂಲು ಮತ್ತೆ ತೆರೆಯಿತು. ಹಿರಿಯರು ಕೂತು ತಲಾಕು ಮಾಡಿಸಿದರು. ಮಗು ಓದುವಲ್ಲೇ ಇರಲಿ, ತಾಯಿ ಬಂದು ನೋಡಲಿ ಎಂದು ತೀರ್ಮಾನ ಮಾಡಿದರು. ಬಂದು ನೋಡುವುದು ಎಂದರೆ ಹೊಸ್ತಿಲು ದಾಟಬೇಕಲ್ಲ! ಆಣೆ ಮುರಿದರೆ ಬಡವರಿಗೆ ಊಟ ಹಾಕಿ ಪರಿಹಾರ ಮಾಡಿಕೊಳ್ಳಬಹುದು ಎಂದು ಮಸೀದಿಯ ಮೌಲ್ವಿಗಳು ಅಣ್ಣನ ಮೂಲಕ ಹೇಳಿ ಕಳಿಸಿದರು. ಊಟವನ್ನೇನೋ ಹಾಕಬಹುದಿತ್ತು. ಆದರೆ ಆ ಬಾಗಿಲಲ್ಲಿ ತಲೆ ತಗ್ಗಿಸಿ ನಿಲ್ಲುವುದಕ್ಕೆ ಪರಿಹಾರ ಯಾವ ಕಿತಾಬಿನಲ್ಲೂ ಅವಳಿಗೆ ಕಾಣಲಿಲ್ಲ. ಅಷ್ಟರಲ್ಲಿ ಆಕಿಬ್ ಇನ್ನೊಂದು ಮದುವೆಯಾದ, ಫೋನ್ ನಂಬರ್ ಬದಲಾಯಿತು. ಅವರು ಕರೆಯಲಿ ಎಂದು ಇವಳು, ಇವಳು ಕೇಳಲಿ ಎಂದು ಅವರು. ಹೀಗೆ ನಾಲ್ಕು ವರ್ಷ ಹೋಯಿತು. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಮಸರತ್ ಮುಖಕ್ಕೆ ಹೊಡೆದಂತೆ ಬೈಯುತ್ತಿದ್ದಳು.

ಹೀಗಿರುವಾಗ ಜಗಳೂರಿನಿಂದ ಒಂದು ಕೆಲಸ ಬಂತು. ಅಲ್ಲಿನ ಮೇಸ್ತ್ರಿ ಕೊಟ್ರಬಸಪ್ಪ ತನ್ನ ಮನೆಗಳ ಚಿತ್ರವನ್ನೆಲ್ಲ ಮಹಾಂತೇಶ್ ಹತ್ತಿರವೇ ಮಾಡಿಸುವವನು. ಅವನು ಕೈಯಲ್ಲಿ ಬರೆದ ನಕ್ಷೆಯೊಂದನ್ನು ಕಳಿಸಿದ್ದ. ಹದಿನೈದು ಅಡಿ ಅಗಲ, ನಲವತ್ತು ಅಡಿ ಉದ್ದ, ಪೂರ್ವಕ್ಕೆ ರಸ್ತೆ. ಮೂವತ್ತರ ಸೈಟನ್ನು ಅಣ್ಣ-ತಮ್ಮ ಸೀಳಿಕೊಂಡರೆ ಉಳಿಯುವ ಅಳತೆ ಅದು. ಕೆಳಗೆ ಹಾಲ್, ಅಡುಗೆಮನೆ. ಮೇಲೆ ಎರಡು ಕೋಣೆ. ತಾರಸಿಯಲ್ಲಿ ಒಂದು ಚಿಕ್ಕ ಕೋಣೆ. ಮೆಟ್ಟಿಲು ಹಾಲ್ ಒಳಗೇ. ಮಾಲೀಕರ ಹೆಸರು ಕೇಳುವ ಅಭ್ಯಾಸ ಮಸರತ್‌ಗೆ ಇರಲಿಲ್ಲ. ಜಗಳೂರು ಎಂಬ ಹೆಸರಿಗೆ ಎದೆಯಲ್ಲಿ ಏನೋ ಮಿಸುಕಿತು, ಅಷ್ಟೆ. ಜಗಳೂರಿನ ಕೆಲಸ ಬಂದಾಗಲೆಲ್ಲ ಅದು ಮಿಸುಕುತ್ತಿತ್ತು.

ಕಿರಿದಾದ ಮನೆಗೆ ಮುಖ ಬರೆಯುವುದು ಕಷ್ಟ. ಅಡ್ಡ ಗೆರೆ ಎಳೆದಷ್ಟೂ ಅದು ಕುಗ್ಗಿದ ಹಾಗೆ ಕಾಣುತ್ತದೆ. ಉದ್ದನೆಯ ಪಟ್ಟಿಗಳನ್ನು ಕೆಳಗಿನಿಂದ ಮೇಲಕ್ಕೆ ಒಂದೇ ಉಸಿರಿನಲ್ಲಿ ಎಳೆದರೆ ಮಾತ್ರ ಮನೆ ಬೆನ್ನು ನೇರ ಮಾಡಿ ನಿಲ್ಲುತ್ತದೆ. ಮಸರತ್ ಉದ್ದನೆಯ ಕಿಟಕಿ ಹಾಕಿ, ತಾರಸಿಯ ಸುತ್ತಿನ ಪ್ಯಾರಾಪೆಟ್ ಗೋಡೆ ಸ್ವಲ್ಪ ಎತ್ತರಿಸಿ, ಚಿತ್ರ ಕಳಿಸಿದಳು. ಮಹಾಂತೇಶ್ ಮೇಸ್ತ್ರಿಯನ್ನೂ ಮನೆಯವರನ್ನೂ ಸೇರಿಸಿ ವಾಟ್ಸ್ಆ್ಯಪ್ ಗ್ರೂಪ್ ಮಾಡಿದರು. ತಿದ್ದುಪಡಿ ಬಂದರೆ ನೋಡಿಕೊಳ್ಳಲಿ ಎಂದು ಆಫೀಸಿನ ಆ ನಂಬರು ಅವಳ ಕಂಪ್ಯೂಟರಿನಲ್ಲಿ ಸದಾ ತೆರೆದಿರುತ್ತಿತ್ತು.

ಮರುದಿನ ಮಧ್ಯಾಹ್ನ ಒಂದು ಧ್ವನಿ ಸಂದೇಶ ಬಂತು. ಊಟದ ಡಬ್ಬಿ ಬಿಚ್ಚುತ್ತಲೇ ಒತ್ತಿದಳು.

‘ಅಂಕಲ್, ನಮಸ್ಕಾರ. ನಾನು ಆಕಿಬ್ ಅವ್ರ ಮಗಳು. ಅಬ್ಬುಗೆ ಅಂಗಡಿಯಾಗೆ ಕೆಲ್ಸ ಐತೆ, ಅದ್ಕೆ ನಾನೇ ಹೇಳ್ತಿದೀನಿ. ಮನೆ ಚೆನ್ನಾಗೈತೆ. ಆದ್ರೆ ಮೆಟ್ಟಿಲು ಒಳಗೆ ಬೇಡ್ರಿ. ಹೊರಗೆ, ಪಕ್ಕದಾಗೆ ಬೇಕು. ರೋಡಿಂದ ಸೀದಾ ಮೇಲಕ್ಕೆ ಹೋಗಂಗೆ. ಮತ್ತೆ ಗೋಡೆಗೆ ಗಿಡ ಬೇಕು ಅಂಕಲ್, ಕೆಳಗಿಂದ ಮೇಲಿನವರೆಗೂ ಗೋಡೆ ತುಂಬಾ ಗಿಡ.’

ಡಬ್ಬಿಯ ಮುಚ್ಚಳ ಕೈಯಲ್ಲೇ ಉಳಿಯಿತು. ದನಿ ದೊಡ್ಡದಾಗಿತ್ತು, ಸ್ವಲ್ಪ ಒಡೆದಿತ್ತು. ಆದರೆ ಮಾತಿನ ಕೊನೆಯನ್ನು ಮೇಲಕ್ಕೆತ್ತಿ ಬಿಡುವ ಆ ರೀತಿ, ಅದು ರುಕ್ಸಾನಾಳದೇ. ಮನೆಯಲ್ಲಿ ಅವರು ಆಡುತ್ತಿದ್ದದ್ದು ಉರ್ದು. ಮಗಳು ಇಷ್ಟು ಸಲೀಸಾಗಿ ಕನ್ನಡ ಮಾತಾಡುವುದನ್ನು ಮಸರತ್ ಕೇಳಿಯೇ ಇರಲಿಲ್ಲ. ತನಗೆ ಗೊತ್ತಿಲ್ಲದ ಒಂದು ಹುಡುಗಿ ತನ್ನ ಮಗಳ ಗಂಟಲಲ್ಲಿ ಕೂತು ಮಾತಾಡಿದ ಹಾಗಾಯಿತು. ಮತ್ತೆ ಒತ್ತಿದಳು. ಮತ್ತೆ ಮತ್ತೆ ಒತ್ತಿದಳು.

‘ಅಕ್ಕಾ, ಅದೇನು ಹಾಡಾ? ಅಷ್ಟು ಸಲ ಹಾಕ್ತಿದೀರಿ?’ ಎಂದಳು ಮೇಘಶ್ರೀ.

‘ಸರಿಯಾಗಿ ಕೇಳಿಸ್ಲಿಲ್ಲ ಕಣಮ್ಮ’ ಎಂದು ಮಸರತ್ ಇಯರ್‌ಫೋನ್ ಸಿಕ್ಕಿಸಿಕೊಂಡಳು.

ಗೋಡೆಗೆ ಗಿಡ ಯಾಕೆ ಎಂದು ಯಾರೂ ಅವಳಿಗೆ ಹೇಳಬೇಕಾಗಿರಲಿಲ್ಲ. ಜಗಳೂರಿನ ಹಳೆಯ ಮನೆಯ ಹಿತ್ತಿಲಲ್ಲಿ ನೆಲ ಇರಲಿಲ್ಲ, ಬರೀ ಗೋಡೆ. ತಾಯಿ-ಮಗಳು ಖಾಲಿ ಪೇಂಟ್ ಡಬ್ಬಿಗಳಿಗೆ ತೂತು ಕೊರೆದು, ತಂತಿ ಕಟ್ಟಿ, ಗೋಡೆಯ ಮೊಳೆಗಳಿಗೆ ನೇತು ಹಾಕಿ ಪುದೀನಾ ಬೆಳೆದಿದ್ದರು. ಮೇಲಿನ ಡಬ್ಬಿಗೆ ನೀರು ಹಾಕಿದರೆ ಅದು ಕೆಳಗಿನ ಡಬ್ಬಿಗೆ ಇಳಿಯಬೇಕು, ಅಲ್ಲಿಂದ ಇನ್ನೂ ಕೆಳಕ್ಕೆ. ಟ್ಯಾಂಕರ್ ನೀರಿನ ಊರಲ್ಲಿ ಒಂದು ಹನಿ ದಂಡವಾಗುವಂತಿರಲಿಲ್ಲ. ಕೊನೆಯ ಡಬ್ಬಿಯಿಂದ ಹನಿ ಬಿತ್ತೇ ಎಂದು ಕುಕ್ಕರಗಾಲಲ್ಲಿ ಕೂತು ಕಾಯುವುದು ರುಕ್ಸಾನಾಳ ಕೆಲಸ. ಅದನ್ನು ನೆನೆದರೆ ಮಸರತ್‌ಗೆ ಈಗಲೂ ಪುದೀನಾ ವಾಸನೆ ಮೂಗಿಗೆ ಹತ್ತಿ ಕಣ್ಣು ತುಂಬುತ್ತಿತ್ತು.

ಮೆಟ್ಟಿಲಿನ ವಿಷಯ ಮಾತ್ರ ಅವಳಿಗೆ ಅರ್ಥವಾಗಲಿಲ್ಲ. ಹದಿನೈದರಲ್ಲಿ ಮೂರೂವರೆ ಅಡಿ ಮೆಟ್ಟಿಲಿಗೆ ಹೋದರೆ, ಗೋಡೆಗಳ ದಪ್ಪ ಕಳೆದು, ಹಾಲ್‌ಗೆ ಉಳಿಯುವುದು ಹತ್ತಡಿಯ ಆಸುಪಾಸು. ಕೊಟ್ರಬಸಪ್ಪ ಗ್ರೂಪಿನಲ್ಲಿ ತಕರಾರು ತೆಗೆದ: ‘ಹಾಲ್ ಅಲ್ಲ ಸಾರ್ ಅದು, ರೈಲು ಡಬ್ಬಿ ಆಗ್ತೈತೆ.’ ಮನೆಯ ಹಿರಿಯಳೂ ಒಪ್ಪಿಲ್ಲ, ಕತ್ತಲಾದ ಮೇಲೆ ಹೆಣ್ಣುಮಗು ಹೊರಗಿನಿಂದ ಮೇಲೆ ಹೋಗುವುದೇ ಎಂದು ಕೇಳುತ್ತಿದ್ದಾಳೆ ಎಂದೂ ಸೇರಿಸಿದ. ಕೊನೆಗೆ ಆಕಿಬ್ ನಾಲ್ಕೇ ಮಾತು ಹೇಳಿದ: ‘ಹುಡುಗಿ ಹಠ ಹಿಡಿದೈತೆ. ಬರೆದು ತೋರಿಸ್ರಿ. ಚೆಂದ ಕಂಡ್ರೆ ಮಾಡಣ.’ ಆ ದನಿ ಕೇಳಿ ಮಸರತ್‌ಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ದನಿಯ ಹಿಂದೆ ಎಲ್ಲಾದರೂ ಮಗಳು ಕೆಮ್ಮಿದಳೇ ಎಂದು ಕಿವಿಗೊಟ್ಟಳು.

ಅವಳು ಮೆಟ್ಟಿಲನ್ನು ಹೊರಗೆ ತಂದಳು. ದಕ್ಷಿಣದ ಪಕ್ಕಕ್ಕೆ, ಎಂದರೆ ರಸ್ತೆಯಲ್ಲಿ ನಿಂತವರ ಎಡಗೈಗೆ, ರಸ್ತೆಯಿಂದ ಶುರುವಾಗಿ ಒಂದೇ ನೇರದಲ್ಲಿ ಹಿಂದಕ್ಕೆ ಏರುವಂತೆ. ಗೋಡೆ ಗಿಡವನ್ನೂ ಹಾಕಿದಳು. ಹೊಸ ಚಿತ್ರದಲ್ಲಿ ಮೆಟ್ಟಿಲ ಮೇಲೆ ಸ್ಕೂಲ್ ಬ್ಯಾಗಿನ ಹುಡುಗಿಯೊಬ್ಬಳನ್ನು ನಿಲ್ಲಿಸಿದಳು. ಇಂಥ ಆಳುಗಳ ಚಿತ್ರ ಕಂಪ್ಯೂಟರಿನಲ್ಲಿ ಬೇಕಾದಷ್ಟು ಇರುತ್ತವೆ. ಎರಡು ಜಡೆಯವಳನ್ನೇ ಹುಡುಕಿ ಇಟ್ಟಳು.

ಸಂಜೆಗೆ ಮಗಳ ದನಿ ಬಂತು. ‘ಅಂಕಲ್, ಮೆಟ್ಟಿಲು ಸೂಪರ್. ಆದ್ರೆ ಫೋಟೊದಾಗೆ ಆಳು ಬೇಡ ಅಂತಾರೆ ನಮ್ಮ ದಾದಿ, ಅಜ್ಜಿ. ತೆಗೀರಿ. ನಂಗೇನೋ ಇಷ್ಟ ಆತು, ಆ ಹುಡುಗಿ ಜಡೆ ನನ್ನ ಜಡೆ ತರಾನೇ ಐತೆ.’

ಆಗ ಮಸರತ್‌ಗೆ ಒಂದು ಗುಟ್ಟು ಹೊಳೆಯಿತು. ಚಿತ್ರ ಸರಿಯಿದ್ದರೆ ‘ಓಕೆ’ ಎಂದು ಒಂದು ಹೆಬ್ಬೆಟ್ಟಿನ ಗುರುತು ಬರುತ್ತದೆ, ಕೆಲಸ ಮುಗಿಯುತ್ತದೆ. ತಪ್ಪಿದ್ದರೆ ಮಗಳು ಮಾತಾಡುತ್ತಾಳೆ.

ಅಂದಿನಿಂದ ಹೊನ್ನಾಳಿಯ ತ್ರೀಡಿ ಮೇಡಂಗೆ ಕೈ ತಪ್ಪತೊಡಗಿತು. ಆಳನ್ನು ತೆಗೆದಳು, ಮೆಟ್ಟಿಲ ಕಂಬಿಗೆ ಕೇಸರಿ ಬಣ್ಣ ಬಿಟ್ಟಳು. ‘ಕಪ್ಪು ಬೇಕು ಅಂಕಲ್’ ಎಂದು ಮಗಳು ನಕ್ಕಳು. ಕಪ್ಪು ಮಾಡಿ, ಇಡೀ ಮನೆಯನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಕಳಿಸಿದಳು. ‘ಅಂಕಲ್, ಮೆಟ್ಟಿಲು ಬಲಕ್ಕೆ ಹೋಗಿಬಿಟ್ಟೈತೆ, ಅಲ್ಲಿ ನಮ್ಮ ಚಾಚಾರ ಕಿಟಕಿ ಐತೆ. ನಿಮ್ಗೆ ನಿದ್ದೆ ಬರ್ತೈತಾ?’ ಎಂದಳು. ಗಿಡಗಳ ಸಾಲಿನ ಅಡಿಯಲ್ಲಿ ಮಸರತ್ ಒಮ್ಮೆ ನೀಲಿ ಪೇಂಟ್ ಡಬ್ಬಿಗಳನ್ನು ತೂಗು ಹಾಕಿದಳು. ಇದೇನು ಗುಜರಿ ಅಂಗಡಿಯೇ, ತೆಗೆಯಿರಿ ಎಂದು ಆಕಿಬ್ ಬರೆದ. ಅದರ ಹಿಂದೆಯೇ ಮಗಳ ದನಿ, ಪಿಸುಗುಟ್ಟಿದಷ್ಟು ಸಣ್ಣಗೆ: ‘ಡಬ್ಬಿ ಇರ್ಲಿ ಅಂಕಲ್. ಒಂದಾದ್ರೂ ಇರ್ಲಿ.’ ಆ ಸಂದೇಶವನ್ನು ಮಸರತ್ ತನ್ನ ಫೋನಿಗೂ ಕಳಿಸಿಕೊಂಡು ದಾರಿಯಲ್ಲಿ, ಅಡುಗೆಮನೆಯಲ್ಲಿ, ನಮಾಜಿಗೆ ಮುಂಚೆ, ನಮಾಜು ಮುಗಿದ ಮೇಲೆ ಕೇಳಿದಳು. ಹಸಿದವನಿಗೆ ಅನ್ನದ ವಾಸನೆ ತೋರಿಸಿ ಡಬ್ಬಿ ಮುಚ್ಚಿದಂತಾಗುತ್ತಿತ್ತು ಪ್ರತಿ ಸಲ. ಆದರೂ ಡಬ್ಬಿ ತೆರೆಯುವುದನ್ನು ಬಿಡಲಾಗಲಿಲ್ಲ.

ನಾನು ನಿನ್ನ ಅಮ್ಮಿ ಎಂದು ಒಂದು ಸಂದೇಶ ಕಳಿಸಿದ್ದರೆ ಆಗುತ್ತಿರಲಿಲ್ಲವೇ? ಕೇಳುವವರು ಸುಲಭವಾಗಿ ಕೇಳಬಹುದು. ಅವಳಿಗೆ ಹೆದರಿಕೆ ಇತ್ತು. ಮಗಳು ಆ ಕಡೆಯಿಂದ ಸುಮ್ಮನಾಗಿಬಿಟ್ಟರೆ? ಆಕಿಬ್ ಸುಮ್ಮನಾದದ್ದನ್ನು ಅವಳು ತಡೆದುಕೊಂಡಿದ್ದಳು. ಮಗಳು ಸುಮ್ಮನಾದರೆ ತಡೆಯುವ ಶಕ್ತಿ ಇರಲಿಲ್ಲ.

ಮೊದಲು ಗುಮಾನಿ ಬಂದದ್ದು ಮೇಘಶ್ರೀಗೆ. ಒಂದು ದಿನ ಪರದೆಯನ್ನು ದಿಟ್ಟಿಸಿ ನೋಡಿ, ‘ಅಕ್ಕಾ, ಪೂರ್ವದ ಮನೆಗೆ ಬಿಸಿಲು ಉತ್ತರದಿಂದ ಬೀಳ್ತಾ ಐತಲ್ಲ! ಹಿಂಗೆ ಮಾಡೋರಲ್ಲ ನೀವು. ಏನಾಗೈತೆ ಹೇಳ್ರಿ’ ಎಂದಳು. ಮಸರತ್ ಇಯರ್‌ಫೋನಿನ ಒಂದು ತುದಿಯನ್ನು ಅವಳ ಕಿವಿಗೆ ಇಟ್ಟಳು. ‘ನನ್ನ ಮಗಳು’ ಎಂದಳು. ಮೇಘಶ್ರೀ ಕಣ್ಣೊರೆಸಿಕೊಂಡಳೇ ಹೊರತು ಬುದ್ಧಿ ಹೇಳಲಿಲ್ಲ. ಅದು ಆ ಹುಡುಗಿಯ ದೊಡ್ಡತನ.

ಬುದ್ಧಿ ಬಂದದ್ದು ಜಗಳೂರಿನಿಂದಲೇ. ಒಂದು ಬೆಳಿಗ್ಗೆ ಗ್ರೂಪಿನಲ್ಲಿ ಆಕಿಬನ ದನಿ ಬಿತ್ತು. ‘ಮಹಾಂತೇಶ್ ಅವ್ರೇ, ಎಷ್ಟು ಸಲ ಬರೆದ್ರೂ ಈ ಮೆಟ್ಟಿಲು ಕೂಡ್ತಾ ಇಲ್ಲ. ಒಮ್ಮೆ ಬಣ್ಣ, ಒಮ್ಮೆ ಎಡಬಲ, ಒಮ್ಮೆ ನೆರಳು. ನಮ್ಮ ಸೈಟಿಗೆ ಅದು ಒಗ್ಗಂಗಿಲ್ಲ ಅಂತ ಕಾಣ್ತೈತೆ. ನಾಳೆ ಮೇಸ್ತ್ರಿ ಪಾಯಕ್ಕೆ ಗೆರೆ ಹಾಕ್ತಾರೆ. ಮೆಟ್ಟಿಲು ಒಳಗೇ ಇರ್ಲಿ, ಮುಗಿಸಿಬಿಡ್ರಿ.’ ಆ ಸಂದೇಶ ಮುಗಿಯುವ ಮುನ್ನ ಹಿಂದಿನಿಂದ ಉರ್ದುವಿನಲ್ಲಿ ಒಂದು ಕೂಗು ಕೇಳಿತು, ‘ಬೇಡ ಅಬ್ಬು!’ ಎಂದು. ಮಗಳು ಅಳುತ್ತಿದ್ದಳು.

ತನ್ನ ಕಿವಿಯ ಹಸಿವಿಗೆ ಮಗಳ ಮೆಟ್ಟಿಲನ್ನೇ ತಿಂದುಹಾಕುತ್ತಿದ್ದೇನೆ ಎಂದು ಮಸರತ್‌ಗೆ ಆಗ ತಿಳಿಯಿತು. ಆ ಹುಡುಗಿ ಅದನ್ನು ಯಾಕೆ ಕೇಳುತ್ತಿದ್ದಾಳೋ ಗೊತ್ತಿಲ್ಲ. ಆದರೆ ಜೀವ ಹೋಗುವಷ್ಟು ಕೇಳುತ್ತಿದ್ದಾಳೆ. ಕೊಡಬಲ್ಲವಳು ತಾನೊಬ್ಬಳೇ. ಕೊಟ್ಟರೆ ದನಿ ನಿಲ್ಲುತ್ತದೆ.

ಮಹಾಂತೇಶ್ ಬಂದವರೇ ಟೇಬಲ್ ಕುಟ್ಟಿದರು. ‘ಮಸರತ್ ಅವ್ರೇ, ಏನ್ರೀ ಇದು? ಜಗಳೂರಿನ ಒಂದು ಹದಿನೈದು ಅಡಿ ಮನೆ ನಮ್ಮ ಮರ್ಯಾದಿ ತೆಗೀತಲ್ಲ!’

‘ಸಂಜೆವರೆಗೂ ಟೈಮ್ ಕೇಳ್ರಿ ಸಾರ್’ ಎಂದಳು. ‘ತಪ್ಪೆಲ್ಲ ನಂದು. ಸಂಜೆಗೆ ತಪ್ಪು ಇರಲ್ಲ.’

ಅವಳ ಮುಖ ನೋಡಿ ಮಹಾಂತೇಶ್ ಮೇಸ್ತ್ರಿಗೆ ಫೋನ್ ಹಚ್ಚಿದರು.

ಆವತ್ತು ಮಸರತ್ ಬರೆದ ಹಾಗೆ ಯಾವತ್ತೂ ಬರೆದಿರಲಿಲ್ಲ. ಮೊದಲು ಮೇಘಶ್ರೀಯ ಜೊತೆ ಕೂತು ನಕ್ಷೆಯನ್ನೇ ತಿದ್ದಿದಳು. ಹತ್ತಡಿ ಹಾಲ್‌ಗೆ ಮೆಟ್ಟಿಲ ಕಡೆಯ ಗೋಡೆಯಲ್ಲಿ ಉದ್ದನೆಯ ಕಿಟಕಿ, ಮೆಟ್ಟಿಲ ನೆತ್ತಿಯ ಮೇಲೆ ಗಾಜಿನ ಹೊದಿಕೆ. ಬೆಳಕು ಮೇಲಿನಿಂದ ಮೆಟ್ಟಿಲಿಗೆ ಇಳಿದು ಅಲ್ಲಿಂದ ಹಾಲ್ ಒಳಗೆ ಬರಬೇಕು. ಅಗಲ ಹೆಚ್ಚಲಿಲ್ಲ, ಆದರೆ ಗವಿಯಂತಿದ್ದದ್ದು ಮನೆಯಂತಾಯಿತು. ಹಿರಿಯಳ ಹೆದರಿಕೆಗೆ ಉತ್ತರವಾಗಿ ಮೆಟ್ಟಿಲ ಮುಂಭಾಗಕ್ಕೆ ಕೆಳಗಿನಿಂದ ಮೇಲಿನವರೆಗೆ ಮಣ್ಣಿನ ಬಣ್ಣದ ಜಾಲರಿ ಇಟ್ಟಿಗೆಯ ಪರದೆ ಎತ್ತಿದಳು, ಅದರ ಬುಡದಲ್ಲಿ ಬೀಗ ಹಾಕುವ ಕಬ್ಬಿಣದ ಗೇಟು. ಗಾಳಿ ಆಡುತ್ತದೆ, ಹತ್ತುವವರು ಬೀದಿಗೆ ಕಾಣುವುದಿಲ್ಲ.

ಜಾಲರಿಯ ಪಕ್ಕದಲ್ಲೇ ಗಿಡದ ಪಟ್ಟಿ. ಗೋಡೆಗೆ ಅಂಟಿಸಿದರೆ ತೇವ ಹಿಡಿದು ಗೋಡೆ ಹಾಳು. ಅದಕ್ಕೆ ಕಬ್ಬಿಣದ ಚೌಕಟ್ಟನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ನಿಲ್ಲಿಸಿ, ಅದರಲ್ಲಿ ಕುಂಡಗಳನ್ನು ಕೂರಿಸಿದಳು. ತಾರಸಿಯ ತೊಟ್ಟಿಯಿಂದ ಸಣ್ಣ ಪೈಪು. ಮೇಲಿನ ಸಾಲಿಗೆ ಹನಿ, ಅಲ್ಲಿಂದ ಕೆಳಗಿನದಕ್ಕೆ, ಕೊನೆಗೆ ಬುಡದಲ್ಲೊಂದು ಕಾಲುವೆ. ಪೂರ್ವದ ಬಿಸಿಲು ಬೆಳಿಗ್ಗೆ ಮಾತ್ರ, ಮಧ್ಯಾಹ್ನದ ಉರಿ ಇಲ್ಲ, ಗಿಡ ಬದುಕುತ್ತದೆ. ಮೇಲೆ ಮನಿಪ್ಲಾಂಟ್, ನಡುವೆ ಕಡಿಮೆ ನೀರು ಕೇಳುವ ದಪ್ಪ ಎಲೆಯವು, ಕೈಗೆ ಎಟುಕುವ ಕೊನೆಯ ಸಾಲಿನಲ್ಲಿ ಪುದೀನಾ. ಅದರ ಮೂಲೆಯಲ್ಲಿ ಒಂದೇ ಒಂದು ನೀಲಿ ಡಬ್ಬಿ.

ಆಮೇಲೆ ಕ್ಯಾಮೆರಾವನ್ನು ರಸ್ತೆಯ ಆಚೆ ಬದಿಗೆ, ಆಳಿನ ಕಣ್ಣೆತ್ತರಕ್ಕೆ ಇಟ್ಟು, ನಿಂತ ಗೆರೆಗಳು ವಾಲದಂತೆ ನೆಟ್ಟಗೆ ಮಾಡಿ, ಚೌಕಟ್ಟನ್ನು ಉದ್ದಕ್ಕೆ ತಿರುಗಿಸಿದಳು. ಸೂರ್ಯನನ್ನು ಪೂರ್ವಕ್ಕೆ ತಂದಳು. ಇಟ್ಟಿಗೆಯ ಜಾಲರಿ, ಹಸಿರು ಪಟ್ಟಿ, ಬಿಳಿ ಗೋಡೆ, ಮೂರೂ ಒಟ್ಟೊಟ್ಟಿಗೆ ಆಕಾಶಕ್ಕೆ ಎದ್ದವು. ಹದಿನೈದು ಅಡಿಯ ಮನೆ ಸಂಕೋಚ ಬಿಟ್ಟು ತಲೆಯೆತ್ತಿ ನಿಂತಿತು.

ಎರಡನೆಯ ಚಿತ್ರವನ್ನು ಯಾರೂ ಕೇಳಿರಲಿಲ್ಲ. ಕ್ಯಾಮೆರಾವನ್ನು ಗೇಟಿನ ಒಳಗೆ ತಂದು, ತನ್ನದೇ ಎತ್ತರಕ್ಕೆ ಇಟ್ಟು, ಒಂದೊಂದೇ ಮೆಟ್ಟಿಲು ಏರಿಸಿದಳು. ಮೇಲಿನ ಎರಡು-ಮೂರು ಮೆಟ್ಟಿಲು ಉಳಿದಾಗ ನಿಲ್ಲಿಸಿದಳು. ಎದುರಿಗೆ ಮಗಳ ಕೋಣೆಯ ಬಾಗಿಲು, ತೇಗದ ಬಣ್ಣ, ಚೌಕಟ್ಟು, ಹೊಸ್ತಿಲು, ಎಲ್ಲ ಲಕ್ಷಣವಾಗಿ. ಆ ಬಾಗಿಲ ಮುಂದೆ ಒಂದಷ್ಟು ಹೊತ್ತು ನಿಂತು, ಎರಡೂ ಚಿತ್ರ ಕಳಿಸಿದಳು.

ಉತ್ತರ ಬರುವ ಮೊದಲೇ ಮೇಘಶ್ರೀ ಕಡೆಯ ಬಸ್ಸು ತಪ್ಪುತ್ತದೆಂದು ಹೊರಟಳು. ಆಮೇಲೆ ಗ್ರೂಪಿನಲ್ಲಿ ಆಕಿಬನ ಹೆಬ್ಬೆಟ್ಟಿನ ಗುರುತು ಬಿತ್ತು. ‘ಇದೇ ಇರ್ಲಿ. ಮೆಟ್ಟಿಲು ಹೊರಗೆ. ಅಮ್ಮಾನೂ ಒಪ್ಪಿದ್ಲು.’ ಕೊಟ್ರಬಸಪ್ಪ ಕೈಮುಗಿದ ಚಿತ್ರ ಹಾಕಿದ. ಮಹಾಂತೇಶ್ ‘ಶಭಾಷ್!’ ಎಂದು ಚಹಾ ಹೇಳಲು ಕೆಳಗಿಳಿದರು.

ಮುಗಿಯಿತು. ಮಗಳಿಗೆ ಮೆಟ್ಟಿಲು ಸಿಕ್ಕಿತು, ತನಗೆ ಹೆಬ್ಬೆಟ್ಟು. ಮಸರತ್ ಕಂಪ್ಯೂಟರ್ ಆರಿಸಲು ಕೈ ಚಾಚಿದಳು.

ಆಗ ಟಿಂಗ್ ಎಂದಿತು. ಗ್ರೂಪಿನಲ್ಲಲ್ಲ, ಆಕಿಬನ ನಂಬರಿನಿಂದ ನೇರವಾಗಿ ಆಫೀಸಿನ ನಂಬರಿಗೆ.

‘ಅಂಕಲ್, ಥ್ಯಾಂಕ್ಸ್. ಇದನ್ನ ಗ್ರೂಪಿಗೆ ಹಾಕಿಲ್ಲ, ನಿಮ್ಗೆ ಅಷ್ಟೇ ಹೇಳ್ತಿದೀನಿ. ಎರಡನೇ ಫೋಟೊದಾಗೆ ಒಂದು ತಪ್ಪು ಐತೆ. ನನ್ನ ರೂಮಿನ ಬಾಗಿಲಿಗೆ ಹೊಸ್ತಿಲು ಹಾಕಿದೀರಿ. ತೆಗೀರಿ ಅಂಕಲ್.’ ಒಂದು ಉಸಿರು. ‘ನಮ್ಮ ಅಮ್ಮಿ ನಿಮ್ಮ ಹೊನ್ನಾಳಿಯಾಗೇ ಅದಾರೆ. ನಮ್ಮ ಮನೆ ಹೊಸ್ತಿಲು ತುಳಿಯಂಗಿಲ್ಲ ಅಂತ ಆಣೆ ಮಾಡ್ಯಾರೆ. ಅದ್ಕೇ ಬರಂಗಿಲ್ಲ. ಗೇಟಿಗೆ ಹೊಸ್ತಿಲು ಇರಲ್ಲ, ಮೆಟ್ಟಿಲಿಗೂ ಇರಲ್ಲ. ರೋಡಿಂದ ಸೀದಾ ಹತ್ತಿ ಬರಬೋದು. ಮೇಲಿನ ಬಾಗಿಲಿಗೂ ಇರದಿದ್ರೆ ಆಣೆ ಮುರಿಯಂಗಿಲ್ಲ ಅಲ್ವಾ ಅಂಕಲ್? ನಾನು ಆರನೇ ಕ್ಲಾಸಿಂದಾನೂ ಯೋಚ್ನೆ ಮಾಡೀನಿ. ಮೇಸ್ತ್ರಿಗೆ ಫೋಟೊ ತೋರಿಸ್ಬೇಕು, ಇಲ್ದಿದ್ರೆ ಅವ್ರು ಹೊಸ್ತಿಲು ಹಾಕಿಬಿಡ್ತಾರೆ.’

ಮಸರತ್ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು. ಕೋಪದಲ್ಲಿ ತಾನು ಎಸೆದ ಒಂದು ಮಾತನ್ನು ಈ ಹುಡುಗಿ ನಾಲ್ಕು ವರ್ಷ ಕೈಯಲ್ಲಿ ಹಿಡಿದುಕೊಂಡು, ಅದನ್ನು ಮುರಿಯದೆ, ಅದರ ಪಕ್ಕದಿಂದ ಒಂದು ದಾರಿ ಕಟ್ಟಿದ್ದಾಳೆ. ತಾಯಿಯಾದವಳಿಗೆ ಹಮ್ಮು ಬಿಡಲು ಆಗಿರಲಿಲ್ಲ. ಮಗಳು ಆ ಹಮ್ಮಿಗೂ ಮರ್ಯಾದೆ ಕೊಟ್ಟು, ಅದು ಹತ್ತಿ ಬರಲು ಮೂರೂವರೆ ಅಡಿ ಜಾಗ ಬಿಡಿಸಿದ್ದಾಳೆ. ಮಸರತ್ ಅಳು ತಡೆಯಲಿಲ್ಲ, ಗಟ್ಟಿಯಾಗಿಯೇ ಅತ್ತಳು.

ಆಮೇಲೆ ಮುಖ ಒರೆಸಿಕೊಂಡು ಎರಡನೆಯ ಚಿತ್ರ ತೆರೆದಳು. ಬಾಗಿಲ ಚೌಕಟ್ಟಿನ ಕೆಳಗಿನ ಪಟ್ಟಿಯನ್ನು ಹಿಡಿದು ಅಳಿಸಿದಳು. ಮೆಟ್ಟಿಲ ಮೇಲಿನ ಕಲ್ಲು ಕೋಣೆಯ ನೆಲಕ್ಕೆ ಸಮನಾಗಿ, ಒಂದೇ ಹಾಸಾಗಿ ಒಳಗೆ ಹೋಯಿತು. ಬಾಗಿಲನ್ನೂ ಅರ್ಧ ತೆರೆದಿಟ್ಟಳು. ಚಿತ್ರ ತಯಾರಾಗುವವರೆಗೆ ಪರದೆಯನ್ನೇ ನೋಡುತ್ತ ಕೂತು, ಕಳಿಸಿದಳು.

ಇಷ್ಟು ದಿನ ಆಫೀಸಿನಿಂದ ಹೋಗುತ್ತಿದ್ದದ್ದು ಬರೀ ಅಕ್ಷರ. ಈಗ ಮಸರತ್ ಮೈಕಿನ ಗುರುತನ್ನು ಒತ್ತಿದಳು. ಮೊದಲ ಸಲ ಬರೀ ಉಸಿರು ಬಂತು, ಅಳಿಸಿದಳು. ಎರಡನೆಯ ಸಲ ಕನ್ನಡ ಬಿಟ್ಟು ಮನೆಯ ಮಾತಿನಲ್ಲಿ, ಪುದೀನಾ ಡಬ್ಬಿಗಳ ಕೆಳಗೆ ಕೂತವಳನ್ನು ಕರೆಯುತ್ತಿದ್ದ ಅದೇ ದನಿಯಲ್ಲಿ ಹೇಳಿದಳು: ‘ರುಕ್ಸಾನಾ, ಹೊಸ್ತಿಲು ತೆಗೆದಿದೀನಿ ಬೇಟಾ.’

ಸಂದೇಶದ ಕೆಳಗೆ ಎರಡು ಟಿಕ್ ಗುರುತು ಬಿದ್ದವು. ಸ್ವಲ್ಪ ಹೊತ್ತಿಗೆ ನೀಲಿಯಾದವು. ಕೆಳಗೆ ಬಸ್ಸೊಂದು ಹಾರ್ನ್ ಹೊಡೆದು ಹೊರಟಿತು. ಮಹಾಂತೇಶ್ ಚಹಾದ ಲೋಟ ತಂದಿಟ್ಟು, ಅವಳ ಮುಖ ನೋಡಿ, ಹೊರಗೆ ಹೋಗಿ ನಿಂತರು. ಪರದೆಯ ಮೇಲೆ ಆಕಿಬನ ಹೆಸರಿನ ಕೆಳಗೆ ‘ಧ್ವನಿ ರೆಕಾರ್ಡ್ ಆಗುತ್ತಿದೆ’ ಎಂಬ ಹಸಿರು ಅಕ್ಷರ ಮೂಡಿತು, ಅಳಿಸಿಹೋಯಿತು, ಮತ್ತೆ ಮೂಡಿತು. ಆ ಕಡೆಯೂ ಯಾರೋ ಮೊದಲ ಸಲ ಬರೀ ಉಸಿರು ಬಂದದ್ದನ್ನು ಅಳಿಸುತ್ತಿದ್ದರು. ಮಸರತ್ ಇಯರ್‌ಫೋನ್ ತೆಗೆದು ಪಕ್ಕಕ್ಕಿಟ್ಟು, ಕಂಪ್ಯೂಟರಿನ ಶಬ್ದವನ್ನು ಪೂರ್ತಿ ಜೋರು ಮಾಡಿ ಕಾಯುತ್ತ ಕೂತಳು.